ಹೆಂಡತಿ ಹೆಸರಲ್ಲಿ ಎಫ್‌ಡಿ: ಬಡ್ಡಿ ಯಾರ ಲೆಕ್ಕಕ್ಕೆ?

ಮೂವತ್ತು ಪರ್ಸೆಂಟ್ ತೆರಿಗೆಯ ಸ್ಲ್ಯಾಬಿನಲ್ಲಿರುವ ಒಬ್ಬ ಇಂಜಿನಿಯರ್, 2023ರ ಏಪ್ರಿಲ್ ಮೊದಲ ವಾರದಲ್ಲಿ ಹೆಂಡತಿಯ ಖಾತೆಗೆ ಹತ್ತು ಲಕ್ಷ ರೂಪಾಯಿ ಹಾಕಿದರು. ಆಕೆಗೆ ಬೇರೆ ಆದಾಯವಿಲ್ಲ. ಅದೇ ವಾರ ಆ ಹಣ ಆಕೆಯ ಹೆಸರಿನಲ್ಲಿ ಮೂರು ವರ್ಷದ ಎಫ್‌ಡಿ ಆಯಿತು. ‘ಮೇಡಂ, ಇಲ್ಲೊಂದು ಸೈನ್ ಮಾಡಿಬಿಡಿ, ಟಿಡಿಎಸ್ ಕಟ್ ಆಗಲ್ಲ’ ಎಂದು ಕೌಂಟರ್‌ನಲ್ಲಿದ್ದವರು 15ಜಿ ಫಾರ್ಮ್ ಮುಂದಿಟ್ಟರು.

ಆಕೆ ಸೈನ್ ಮಾಡುವ ಮೊದಲು ಫಾರ್ಮ್ ಓದಿದ್ದು ಒಳ್ಳೆಯದಾಯಿತು. ಅದರ ಘೋಷಣೆಯಲ್ಲೊಂದು ಸಾಲಿದೆ: ಈ ಆದಾಯವು ಆದಾಯ ತೆರಿಗೆ ಕಾಯ್ದೆಯ 60ರಿಂದ 64ನೇ ಸೆಕ್ಷನ್‌ಗಳ ಪ್ರಕಾರ ಬೇರೆ ಯಾರ ಆದಾಯಕ್ಕೂ ಸೇರತಕ್ಕದ್ದಲ್ಲ. ಈ ಹಣದ ವಿಷಯದಲ್ಲಿ ಅದು ಸುಳ್ಳು. ಗಂಡ ಕೊಟ್ಟ ಹಣದ ಬಡ್ಡಿ 64ನೇ ಸೆಕ್ಷನ್ ಪ್ರಕಾರ ಗಂಡನ ಆದಾಯಕ್ಕೇ ಸೇರುತ್ತದೆ. ತೆರಿಗೆಯವರ ಮಾತಿನಲ್ಲಿ ಇದಕ್ಕೆ ಕ್ಲಬ್ಬಿಂಗ್ ಎನ್ನುತ್ತಾರೆ. ಹೆಂಡತಿ ಗಂಡನಿಗೆ ಕೊಟ್ಟರೂ ಇದೇ ನಿಯಮ.

ಇಲ್ಲಿ ಎರಡು ವಿಷಯಗಳನ್ನು ಜನ ಒಂದಕ್ಕೊಂದು ಬೆರೆಸುತ್ತಾರೆ. ಗಂಡ ಹೆಂಡತಿಗೆ ಎಷ್ಟು ಲಕ್ಷ ಕೊಟ್ಟರೂ ಆ ಉಡುಗೊರೆಯ ಮೇಲೆ ತೆರಿಗೆ ಇಲ್ಲ, ಅದು ನಿಜ. ಆದರೆ ಉಡುಗೊರೆ ಬೇರೆ, ಅದು ದುಡಿದು ತರುವ ಬಡ್ಡಿ ಬೇರೆ. ಹಣ ಹೆಂಡತಿಯದಾಗುತ್ತದೆ, ಬಡ್ಡಿಯೂ ಆಕೆಯ ಕೈಗೇ ಬರುತ್ತದೆ, ಅದರ ತೆರಿಗೆ ಮಾತ್ರ ಗಂಡನ ತಲೆಗೆ.

ಮೊದಲು ಬಡ್ಡಿಯನ್ನು ಎರಡಾಗಿ ಒಡೆಯಿರಿ

ಕ್ಲಬ್ ಆಗುವುದು ಗಂಡ ಕೊಟ್ಟ ಅಸಲು ದುಡಿದದ್ದು ಮಾತ್ರ. ಆ ಬಡ್ಡಿಯನ್ನು ಮತ್ತೆ ತೊಡಗಿಸಿದಾಗ ಬರುವ ಬಡ್ಡಿ, ಅಂದರೆ ಬಡ್ಡಿಯ ಮೇಲಿನ ಬಡ್ಡಿ, ಹೆಂಡತಿಯ ಸ್ವಂತ ಆದಾಯ. ಇದನ್ನು ತಿಳಿಯದೆ ಇಡೀ ಬಡ್ಡಿಯನ್ನು ತಮ್ಮ ರಿಟರ್ನ್‌ನಲ್ಲಿ ತೋರಿಸಿ ಹೆಚ್ಚು ತೆರಿಗೆ ಕಟ್ಟುವ ಗಂಡಂದಿರೂ ಇದ್ದಾರೆ.

ನಮ್ಮ ಇಂಜಿನಿಯರ್ ಲೆಕ್ಕ ನೋಡೋಣ. ದರ ಶೇ 7, ಸುಲಭಕ್ಕೆ ವರ್ಷಕ್ಕೊಮ್ಮೆ ಚಕ್ರಬಡ್ಡಿ ಎಂದಿಟ್ಟುಕೊಳ್ಳಿ. ಮೊದಲ ವರ್ಷದ ಬಡ್ಡಿ 70,000 ರೂಪಾಯಿ, ಪೂರ್ತಿ ಗಂಡನ ಲೆಕ್ಕಕ್ಕೆ. ಎರಡನೇ ವರ್ಷ 74,900 ಬಂತು. ಅದರಲ್ಲಿ 70,000 ಗಂಡನದು, ಹಿಂದಿನ ವರ್ಷದ ಬಡ್ಡಿ ಮರಿ ಹಾಕಿದ 4,900 ಹೆಂಡತಿಯದು. ಮೂರನೇ ವರ್ಷ, ಅಂದರೆ 2025-26ರಲ್ಲಿ, ಬಡ್ಡಿ 80,143. ಗಂಡನ ಪಾಲು ಆಗಲೂ 70,000ವೇ, ಹೆಂಡತಿಯದು 10,143ಕ್ಕೆ ಏರಿತು.

ಬ್ಯಾಂಕಿನ ಸರ್ಟಿಫಿಕೇಟ್‌ನಲ್ಲಿ ಈ ವಿಂಗಡಣೆ ಇರುವುದಿಲ್ಲ, ಅಲ್ಲಿ ಒಂದೇ ಮೊತ್ತ. ನೀವೇ ಒಂದು ಹಾಳೆಯಲ್ಲಿ ವರ್ಷವಾರು ಬರೆದಿಡಬೇಕು. ನನ್ನನ್ನು ಕೇಳಿದರೆ, ಚಕ್ರಬಡ್ಡಿ ಎಫ್‌ಡಿಯ ಗೋಜೇ ಬೇಡ. ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ ಕೊಡುವ ಎಫ್‌ಡಿ ಮಾಡಿಸಿ, ಆ ಬಡ್ಡಿ ಆಕೆಯ ಪ್ರತ್ಯೇಕ ಉಳಿತಾಯ ಖಾತೆಗೆ ಬೀಳಲಿ, ಅಲ್ಲಿಂದ ಆರ್‌ಡಿಗೋ ಬೇರೆ ಎಫ್‌ಡಿಗೋ ಹೋಗಲಿ. ಆಗ ಅಸಲಿನ ಬಡ್ಡಿ ಒಂದು ಕಡೆ, ಮರಿಬಡ್ಡಿ ಇನ್ನೊಂದು ಕಡೆ ತಾನಾಗಿಯೇ ಬೇರೆಯಾಗಿರುತ್ತದೆ.

ಎಫ್‌ಡಿ ಮುಗಿದ ಮೇಲೆ ಆ ಹತ್ತು ಲಕ್ಷ ಮ್ಯೂಚುವಲ್ ಫಂಡ್‌ಗೆ ಹೋದರೆ ನಂಟು ಕಳಚುವುದಿಲ್ಲ. ಹಣ ರೂಪ ಬದಲಿಸಿದರೂ ಅದರ ಲಾಭ ಗಂಡನ ಲೆಕ್ಕಕ್ಕೇ. ನಷ್ಟವಾದರೆ ಅದೂ ಅಷ್ಟೇ.

ನಂತರ ತೆರಿಗೆ ಮತ್ತು ಟಿಡಿಎಸ್

70,000ದ ಮೇಲೆ ಶೇ 30ರಂತೆ 21,000, ಶೇ 4 ಸೆಸ್ ಸೇರಿ 21,840 ರೂಪಾಯಿ ಗಂಡನ ತೆರಿಗೆ. 2025-26ರಲ್ಲಿ ಹಿರಿಯ ನಾಗರಿಕರಲ್ಲದವರ ಬಡ್ಡಿ 50,000 ದಾಟಿದರೆ ಬ್ಯಾಂಕು ಶೇ 10 ಟಿಡಿಎಸ್ ಹಿಡಿಯುತ್ತದೆ. ಹಾಗಾಗಿ 80,143ಕ್ಕೆ ಸುಮಾರು 8,014 ಕಡಿತವಾಯಿತು, ಆದರೆ ಹೆಂಡತಿಯ ಪ್ಯಾನ್‌ಗೆ. ಇಲ್ಲೇ ಗಂಟು ಬೀಳುವುದು: ಆದಾಯ ಒಬ್ಬರ ರಿಟರ್ನ್‌ನಲ್ಲಿ, ಟಿಡಿಎಸ್ ಇನ್ನೊಬ್ಬರ ಹೆಸರಲ್ಲಿ.

ಸರಿಯಾದ ದಾರಿ ಮೊದಲೇ ಬ್ಯಾಂಕಿಗೆ ಲಿಖಿತ ಘೋಷಣೆ ಕೊಡುವುದು. 37ಬಿಎ ನಿಯಮದ ಪ್ರಕಾರ, ಈ ಆದಾಯ ಇಂಥವರಿಗೆ ಸೇರುತ್ತದೆ ಎಂದು ಗಂಡನ ಹೆಸರು, ವಿಳಾಸ, ಪ್ಯಾನ್, ಕಾರಣ ಬರೆದುಕೊಟ್ಟರೆ ಬ್ಯಾಂಕು ಟಿಡಿಎಸ್ಸನ್ನು ಗಂಡನ ಪ್ಯಾನ್‌ಗೆ ಹಾಕಬೇಕು. ಎಷ್ಟೋ ಶಾಖೆಗಳಲ್ಲಿ ಈ ಕಾಗದ ಹಿಡಿದು ಹೋದರೆ ಮುಖಮುಖ ನೋಡುತ್ತಾರೆ. ಆದರೂ ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಿ.

ಆಗಲಿಲ್ಲವೇ? ರಿಟರ್ನ್‌ನಲ್ಲೇ ದಾರಿಯಿದೆ. ಗಂಡ ಐಟಿಆರ್-1 ಬಿಟ್ಟು ಐಟಿಆರ್-2 ಹಾಕಬೇಕು, ಏಕೆಂದರೆ ಬೇರೆಯವರ ಹೆಸರಲ್ಲಿ ಕಡಿತವಾದ ಟಿಡಿಎಸ್ ಕೇಳುವವರಿಗೆ ಐಟಿಆರ್-1 ಸಲ್ಲುವುದಿಲ್ಲ. ಐಟಿಆರ್-2ರಲ್ಲಿ Schedule SPI ಎಂಬ ಪಟ್ಟಿ ಇರುವುದೇ ಕ್ಲಬ್ಬಿಂಗ್‌ಗಾಗಿ. ಹೆಂಡತಿಯ ಹೆಸರು, ಪ್ಯಾನ್, ಸಂಬಂಧ, 70,000 ಮೊತ್ತ, ಯಾವ ಬಗೆಯ ಆದಾಯ ಎಂಬುದನ್ನು ಅಲ್ಲಿ ತುಂಬಿ, ಅದೇ ಮೊತ್ತ ಇತರ ಮೂಲಗಳ ಆದಾಯದಲ್ಲೂ ಸೇರಿದೆಯೇ ನೋಡಿ. ಟಿಡಿಎಸ್ ಪಟ್ಟಿಯಲ್ಲಿ ‘ಬೇರೆ ವ್ಯಕ್ತಿ’ ಆಯ್ಕೆ ಮಾಡಿ, ಆಕೆಯ ಪ್ಯಾನ್ ಹಾಕಿ 7,000 ಕ್ಲೇಮ್ ಮಾಡಬೇಕು. ಹೆಂಡತಿ ತನ್ನ ರಿಟರ್ನ್‌ನಲ್ಲಿ 10,143 ಆದಾಯ ತೋರಿಸಿ, 7,000 ಗಂಡನಿಗೆ ಬಿಟ್ಟುಕೊಟ್ಟು, ಉಳಿದ 1,014ಕ್ಕೆ ರೀಫಂಡ್ ಪಡೆಯಬಹುದು. ಇಲಾಖೆಯ ಬಳಿ ಇರುವ ಆಕೆಯ ವಾರ್ಷಿಕ ಮಾಹಿತಿ ಪಟ್ಟಿ, ಅಂದರೆ ಎಐಎಸ್‌ನಲ್ಲಿ, ಪೂರ್ತಿ 80,143 ಕಾಣುತ್ತಿರುತ್ತದೆ. ಇಲಾಖೆಯಿಂದ ಪ್ರಶ್ನೆ ಬಂದರೆ ತೋರಿಸಲು ಆ ವರ್ಷವಾರು ಹಾಳೆಯೇ ಉತ್ತರ.

ಒಂದು ಎಚ್ಚರಿಕೆ. 21,840ರಲ್ಲಿ 7,000 ಕಳೆದರೂ 14,840 ಬಾಕಿ ಉಳಿಯಿತು. ಟಿಡಿಎಸ್ ಕಳೆದ ಮೇಲೆ ತೆರಿಗೆ 10,000 ಅಥವಾ ಹೆಚ್ಚಿದ್ದರೆ ಮುಂಗಡ ತೆರಿಗೆ ಕಟ್ಟಬೇಕು, ಇಲ್ಲದಿದ್ದರೆ ದಂಡಬಡ್ಡಿ. ಅದರ ಬದಲು ಈ ಬಡ್ಡಿಯನ್ನು ಕಚೇರಿಯ ಲೆಕ್ಕಪತ್ರ ವಿಭಾಗಕ್ಕೆ ತಿಳಿಸಿ, ಸಂಬಳದಲ್ಲೇ ಹಿಡಿಸಿಕೊಳ್ಳುವುದು ಹಗುರ.

2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಜಾರಿಗೆ ಬಂದಿದೆ. ಸೆಕ್ಷನ್ ಸಂಖ್ಯೆಗಳು ಬದಲಾದರೂ ಕ್ಲಬ್ಬಿಂಗ್ ಹೋಗಿಲ್ಲ. 2025-26ರ ಆದಾಯಕ್ಕಂತೂ ಹಳೆಯ ಕಾಯ್ದೆಯೇ ಅನ್ವಯ.

ಮಕ್ಕಳ ಹೆಸರಿನಲ್ಲಾದರೆ

ಹದಿನೆಂಟು ತುಂಬದ ಮಗುವಿನ ವಿಷಯದಲ್ಲಿ ನಿಯಮ ಇನ್ನೂ ಬಿಗಿ. ಹಣ ಯಾರು ಕೊಟ್ಟರು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಅಜ್ಜ ಮೊಮ್ಮಗಳ ಹೆಸರಿಗೆ ಎರಡು ಲಕ್ಷ ಎಫ್‌ಡಿ ಮಾಡಿಸಿ 14,000 ಬಡ್ಡಿ ಬಂದರೂ, ಅದು ತಂದೆ ತಾಯಿಯರಲ್ಲಿ ಯಾರ ಆದಾಯ ಹೆಚ್ಚೋ ಅವರಿಗೆ ಸೇರುತ್ತದೆ. ಬಡ್ಡಿಯ ಮೇಲಿನ ಬಡ್ಡಿಗೂ ಇಲ್ಲಿ ವಿನಾಯಿತಿ ಇಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಪ್ರತಿ ಮಗುವಿಗೆ 1,500 ರೂಪಾಯಿ ಕಳೆದು 12,500 ಸೇರಿಸಬಹುದು. ಹೊಸ ಪದ್ಧತಿಯಲ್ಲಿ ಆ 1,500ವೂ ಇಲ್ಲ.

ಮಗು ತನ್ನ ಪ್ರತಿಭೆ ಅಥವಾ ಕೈಕೆಲಸದಿಂದ ಗಳಿಸಿದ್ದು ಕ್ಲಬ್ ಆಗುವುದಿಲ್ಲ. ಆದರೆ ನೃತ್ಯ ಕಾರ್ಯಕ್ರಮದಲ್ಲಿ ಬಂದ ಸಂಭಾವನೆಯನ್ನು ಎಫ್‌ಡಿಗೆ ಹಾಕಿದರೆ ಅದರ ಬಡ್ಡಿ ಕ್ಲಬ್ ಆಗುತ್ತದೆ. ಸುಕನ್ಯಾ ಸಮೃದ್ಧಿ ಬಡ್ಡಿಗೆ ತೆರಿಗೆಯೇ ಇಲ್ಲದ್ದರಿಂದ ಸೇರಿಸಲು ಏನೂ ಉಳಿಯುವುದಿಲ್ಲ.

ಮಗಳಿಗೆ ಡಿಸೆಂಬರ್ 10ಕ್ಕೆ ಹದಿನೆಂಟು ತುಂಬುವುದಿದ್ದರೆ, ಆ ಆರ್ಥಿಕ ವರ್ಷದ ಬಡ್ಡಿಯನ್ನು ದಿನಗಳ ಪ್ರಕಾರ ಒಡೆಯಿರಿ. ಡಿಸೆಂಬರ್ 9ರವರೆಗಿನದು ಅಪ್ಪನ ಅಥವಾ ಅಮ್ಮನ ರಿಟರ್ನ್‌ಗೆ, ಹುಟ್ಟುಹಬ್ಬದಿಂದಾಚೆಗಿನದು ಅವಳದೇ ಲೆಕ್ಕಕ್ಕೆ.