ಸಾಮಾನಿನ ಪಟ್ಟಿಯಲ್ಲ, ಜಾಗದ ಪಟ್ಟಿ: ನನ್ನ ಸ್ಟಾಕ್ ಎಣಿಕೆ ಹಾಳೆ

ನಮ್ಮ ದಿನಸಿ ಅಂಗಡಿಯಲ್ಲಿ ಸ್ಟಾಕ್ ಎಣಿಸುವಾಗ ಮೊದಲೆಲ್ಲ ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ತೆಗೆದ ಪಟ್ಟಿಯನ್ನೇ ಎಣಿಸುವವರ ಕೈಗೆ ಕೊಡುತ್ತಿದ್ದೆವು. ಅದು ಅಕ್ಷರದ ಕ್ರಮದಲ್ಲಿ ಇರುತ್ತಿತ್ತು. ಹುಡುಗರು ಒಂದೊಂದು ಹೆಸರನ್ನೂ ಓದಿ, ಆ ಸಾಮಾನು ಎಲ್ಲಿದೆ ಎಂದು ಹುಡುಕಿ, ಸಿಕ್ಕಷ್ಟನ್ನು ಎಣಿಸಿ ಬರೆಯುತ್ತಿದ್ದರು. ಒಂದೇ ಸೋಪು ಶೆಲ್ಫಿನಲ್ಲೂ ಇರುತ್ತದೆ, ಕೌಂಟರಿನ ಪಕ್ಕದ ಬುಟ್ಟಿಯಲ್ಲೂ ಇರುತ್ತದೆ, ರ‍್ಯಾಕಿನ ಮೇಲಿಟ್ಟ ಬಾಕ್ಸಿನಲ್ಲೂ ಇರುತ್ತದೆ. ಮೊದಲ ಜಾಗದಲ್ಲಿ ಸಿಕ್ಕಿದ ಕೂಡಲೇ ಆ ಸಾಲು ತುಂಬಿಬಿಡುತ್ತದೆ, ಮುಂದೆ ಹುಡುಕಲು ಕಾರಣವೇ ಉಳಿಯುವುದಿಲ್ಲ. ಇದು ಎಣಿಸುವವರ ಅಸಡ್ಡೆಯಲ್ಲ. ಯಾವ ಶೆಲ್ಫ್ ಬಾಕಿ ಇದೆ ಎಂದು ಹೇಳುವ ಶಕ್ತಿ ಆ ಹಾಳೆಗೇ ಇರಲಿಲ್ಲ.

ಹಾಗಾಗಿ ಹಾಳೆಯನ್ನು ಜಾಗದ ಲೆಕ್ಕದಲ್ಲಿ ಹೊಸದಾಗಿ ಮಾಡಿದೆ. ಅಂಗಡಿ ಮುಚ್ಚಿದ ಮೇಲೆ ಖಾಲಿ ಕಾಗದ ಹಿಡಿದು ಬಾಗಿಲ ಹತ್ತಿರ ನಿಂತೆ. ಎಡಗೈ ಗೋಡೆಯ ಕಡೆ ಇರುವಂತೆ ಅಂಗಡಿಯನ್ನು ಸುತ್ತುತ್ತಾ, ಸಾಮಾನು ಕೂರಬಹುದಾದ ಪ್ರತಿ ಜಾಗವನ್ನೂ ನಕ್ಷೆಯಲ್ಲಿ ಚೌಕ ಬರೆದು ಗುರುತಿಸಿದೆ. ಆಮೇಲೆ ನಡುವಿನ ರ‍್ಯಾಕುಗಳು, ಕೊನೆಗೆ ಹಿಂದಿನ ಕೋಣೆ. ಆಗ ಅಲ್ಲಿ ಸಾಮಾನು ಇದೆಯೋ ಇಲ್ಲವೋ ಎಂಬುದು ಮುಖ್ಯವಲ್ಲ, ಇಡಲು ಸಾಧ್ಯವೇ ಎಂಬುದಷ್ಟೇ ಮುಖ್ಯ. ಕೌಂಟರಿನ ಕೆಳಗಿನ ಗೂಡು, ಪ್ಯಾಕೆಟ್ಟುಗಳನ್ನು ನೇತುಹಾಕುವ ಕೊಕ್ಕೆಗಳು, ಫ್ರಿಜ್ಜು, ತಕ್ಕಡಿಯ ಪಕ್ಕದ ತೆರೆದ ಚೀಲಗಳು, ವಾಪಸ್ ಕಳಿಸಲು ಎತ್ತಿಟ್ಟ ಹಾಳಾದ ಮಾಲಿನ ಬಾಕ್ಸು, ಎಲ್ಲವೂ ಒಂದೊಂದು ಚೌಕ.

ಪ್ರತಿ ಜಾಗಕ್ಕೂ ಮೂರು ಭಾಗದ ಗುರುತು ಕೊಟ್ಟೆ. ರ‍್ಯಾಕಿಗೆ ಅಕ್ಷರ, ಆ ರ‍್ಯಾಕಿನ ಕಂಬದಿಂದ ಕಂಬಕ್ಕೆ ಇರುವ ಒಂದೊಂದು ಖಾನೆಗೆ ಒಂದು ಅಂಕಿ, ಖಾನೆಯೊಳಗಿನ ಹಂತಕ್ಕೆ ಇನ್ನೊಂದು ಅಂಕಿ. ಬಿ-2-3 ಎಂದರೆ ಬಿ ರ‍್ಯಾಕಿನ ಎರಡನೇ ಖಾನೆಯ ಮೂರನೇ ಹಂತ. ಇದೇ ಗುರುತಿನ ಚೀಟಿಯನ್ನು ಶೆಲ್ಫಿನ ಎಡ ಅಂಚಿಗೂ ಅಂಟಿಸಿದೆ. ಹಂತಗಳ ಅಂಕಿ ನೆಲದಿಂದ ಮೇಲಕ್ಕೆ ಹೋಗುತ್ತದೆ, ಎಣಿಕೆಯೂ ಅದೇ ಕ್ರಮದಲ್ಲಿ. ಇದಕ್ಕೆ ಎರಡು ಕಾರಣ. ಸುಸ್ತಾದವರು ಬಗ್ಗಿ ನೋಡದೆ ಬಿಡುವುದು ಕೆಳಗಿನ ಹಂತವನ್ನೇ, ಅದು ಮೊದಲು ಬಂದರೆ ತಪ್ಪಿಸಿಕೊಳ್ಳುವುದಿಲ್ಲ. ಇನ್ನೊಂದು, ನಮ್ಮಲ್ಲಿ ಹೊಸ ಹಲಗೆ ಸೇರಿಸುವುದು ಸಾಮಾನ್ಯವಾಗಿ ಮೇಲ್ಗಡೆ, ಆಗ ಹಳೆಯ ಅಂಕಿಗಳು ಬದಲಾಗುವುದಿಲ್ಲ. ರ‍್ಯಾಕಿನ ನೆತ್ತಿಯ ಮೇಲೆ ಬಾಕ್ಸು ಇಡುವ ಜಾಗಕ್ಕೆ ಅಂಕಿಯ ಬದಲು ‘ಮೇಲೆ’ ಎಂದೇ ಬರೆದೆ.

ಒಂದು ಖಾನೆಗೆ ಒಂದೇ ಹಾಳೆ. ಎರಡು ಖಾನೆಗಳನ್ನು ಒಂದು ಹಾಳೆಯಲ್ಲಿ ತುರುಕಿದರೆ ಕಾಗದ ಉಳಿಯುತ್ತದೆ, ಆದರೆ ಅರ್ಧ ಮುಗಿದ ಹಾಳೆ ಮುಗಿದಂತೆ ಕಾಣುತ್ತದೆ. ಹಾಳೆಯಲ್ಲಿ ಹಂತಕ್ಕೊಂದು ಭಾಗ, ನಡುವೆ ದಪ್ಪ ಗೆರೆ. ಆ ಹಂತದಲ್ಲಿ ಸಾಮಾನ್ಯವಾಗಿ ಇರುವ ಸಾಮಾನುಗಳ ಹೆಸರು ಎಡದಿಂದ ಬಲಕ್ಕೆ ಇರುವ ಕ್ರಮದಲ್ಲೇ ಅಚ್ಚಾಗಿರುತ್ತದೆ, ಕೆಳಗೆ ಎರಡು ಖಾಲಿ ಸಾಲು. ಹೆಸರಿನ ಎದುರು ಎರಡು ಕಾಲಂ: ಸೀಲ್ ಒಡೆಯದ ಬಾಕ್ಸು ಎಷ್ಟು, ಬಿಡಿ ಎಷ್ಟು. ಪುಸ್ತಕದಲ್ಲಿ ಎಷ್ಟಿರಬೇಕು ಎಂಬ ಅಂಕಿಯನ್ನು ಹಾಕುವುದೇ ಇಲ್ಲ. ಅದು ಕಣ್ಣಿಗೆ ಬಿದ್ದರೆ ಕೈ ತಾನಾಗಿ ಅದನ್ನೇ ಬರೆಯಲು ಹೋಗುತ್ತದೆ.

ಹೆಸರು ಅಚ್ಚು ಹಾಕುವುದರಲ್ಲಿ ಒಂದು ಅಪಾಯವಿದೆ. ಎಣಿಸುವವರು ಹಾಳೆಯಲ್ಲಿರುವುದನ್ನಷ್ಟೇ ಹುಡುಕಿ, ಪಟ್ಟಿಯಲ್ಲಿಲ್ಲದೆ ಅಲ್ಲಿ ಬಂದು ಕೂತದ್ದನ್ನು ಬಿಡಬಹುದು. ಅದಕ್ಕೆ ಪ್ರತಿ ಹಂತದ ಮೊದಲ ಸಾಲಾಗಿ ‘ಇಲ್ಲಿ ಎಷ್ಟು ಬಗೆ ಸಾಮಾನು ಇದೆ?’ ಎಂದು ಇಟ್ಟೆ. ಹೆಸರುಗಳನ್ನು ಓದುವ ಮೊದಲೇ ಶೆಲ್ಫ್ ನೋಡಿ ಇದನ್ನು ಬರೆಯಬೇಕು, ಮುಂದಿನ ಸಾಲನ್ನು ಸರಿಸಿ ಹಿಂದೆ ಏನಿದೆ ಎಂದೂ ನೋಡಬೇಕು. ಬಿ-2-3ರಲ್ಲಿ ಏಳು ಬಗೆ ಎಂದು ಬರೆದು, ಕೆಳಗೆ ಆರಕ್ಕೆ ಮಾತ್ರ ಅಂಕಿ ಇದ್ದರೆ, ಹಾಳೆ ನನ್ನ ಕೈಗೆ ಬಂದ ಕ್ಷಣವೇ ಗೊತ್ತಾಗುತ್ತದೆ. ಖಾಲಿ ಹಂತಕ್ಕೆ ‘ಖಾಲಿ’ ಎಂದೇ ಬರೆಯಬೇಕು. ಏನೂ ಬರೆಯದೆ ಬಿಟ್ಟ ಜಾಗ ಎಣಿಸದ ಜಾಗ, ಈ ಒಂದು ನಿಯಮದಲ್ಲಿ ನಾನು ಯಾರಿಗೂ ಸಡಿಲ ಕೊಡುವುದಿಲ್ಲ.

ಎಲ್ಲ ಹಾಳೆಗಳಿಗೂ ಕ್ರಮಸಂಖ್ಯೆ ಇರುತ್ತದೆ, ಒಟ್ಟು ಎಷ್ಟು ಎಂಬುದೂ. ಯಾವ ಸಂಖ್ಯೆ ಯಾರ ಕೈಗೆ ಹೋಯಿತು, ವಾಪಸ್ ಬಂತೇ, ಅದರಲ್ಲಿ ಎಷ್ಟು ಹಂತ ಎಂಬುದು ನನ್ನ ಬಳಿಯ ಒಂದು ಪುಟದಲ್ಲಿ. ಒಬ್ಬರು ಎಣಿಸಿ ಹೇಳುತ್ತಾರೆ, ಇನ್ನೊಬ್ಬರು ಬರೆಯುತ್ತಾರೆ, ಬರೆದವರೇ ಆ ಹಂತದ ಚೀಟಿಯ ಮೇಲೆ ಬಣ್ಣದ ಸ್ಟಿಕರ್ ಹಚ್ಚುತ್ತಾರೆ. ಎಣಿಕೆ ಮುಗಿದ ಮೇಲೆ ನಾನು ಒಂದು ಸುತ್ತು ಬರುತ್ತೇನೆ. ಸ್ಟಿಕರ್ ಇಲ್ಲದ ಚೀಟಿ ದೂರದಿಂದಲೇ ಕಾಣುತ್ತದೆ.

ಇಷ್ಟೆಲ್ಲ ಇದ್ದರೂ ಪಟ್ಟಿಗೇ ಸೇರದ ಜಾಗವನ್ನು ಸ್ಟಿಕರ್ ತೋರಿಸಲಾರದು. ಒಂದು ಸಲ ಒಂದು ಬಗೆಯ ಸೋಪು ಪುಸ್ತಕದಲ್ಲಿ 132 ಇತ್ತು. ಹಾಳೆಗಳಲ್ಲಿ ಬಿ-2-3ರಲ್ಲಿ 36, ಕೌಂಟರಿನ ಬುಟ್ಟಿಯಲ್ಲಿ 24, ಒಟ್ಟು 60. ಕಡಿಮೆ ಬಿದ್ದದ್ದು 72. ಆ ಸೋಪಿನ ಒಂದು ಬಾಕ್ಸಿನಲ್ಲಿ ಬರುವುದೂ 72. ಕಳ್ಳತನವೋ ಎಣಿಕೆಯ ತಪ್ಪೋ ಆಗಿದ್ದರೆ ವ್ಯತ್ಯಾಸ ಹೀಗೆ ಬಾಕ್ಸಿನ ಅಳತೆಗೆ ಸರಿಯಾಗಿ ಕೂರುವುದು ಅಪರೂಪ, ಮೂರೋ ಐದೋ ಇರುತ್ತದೆ. ಪೂರ್ತಿ ಬಾಕ್ಸಿನಷ್ಟು ಕಡಿಮೆ ಬಿದ್ದರೆ ಬಾಕ್ಸೇ ಎಲ್ಲೋ ಇದೆ ಎಂದುಕೊಂಡು ಹುಡುಕುತ್ತೇನೆ. ಬಂದ ಮಾಲಿನ ಬಿಲ್ಲನ್ನು ಎರಡು ಸಲ ಏರಿಸಿದರೂ ಇದೇ ಅಂಕಿ ಬರುತ್ತದೆ, ಆದ್ದರಿಂದ ಮೊದಲು ಬಿಲ್ಲು ನೋಡಿದೆ. ಅದು ಸರಿಯಿತ್ತು. ಬಾಕ್ಸು ಸಿಕ್ಕಿದ್ದು ಫ್ರಿಜ್ಜಿಗೂ ಕೊನೆಯ ರ‍್ಯಾಕಿಗೂ ನಡುವಿನ ಸಂದಿಯಲ್ಲಿ. ನಕ್ಷೆ ಬರೆದಾಗ ಅಲ್ಲಿ ಪೊರಕೆ ನಿಂತಿತ್ತು, ಆಮೇಲೆ ಯಾರೋ ಬಾಕ್ಸುಗಳನ್ನು ನಿಲ್ಲಿಸಲು ಶುರುಮಾಡಿದ್ದರು.

ಆಗಿನಿಂದ ನಕ್ಷೆಗೆ ಬಣ್ಣ ಹಚ್ಚುವ ಕೆಲಸ ಸೇರಿಸಿದೆ. ಗುರುತು ಇರುವ ಜಾಗಕ್ಕೆಲ್ಲ ಬಣ್ಣ ತುಂಬುತ್ತೇನೆ. ಬಿಳಿಯಾಗಿ ಉಳಿದದ್ದಕ್ಕೂ ಹೆಸರಿರಬೇಕು: ದಾರಿ, ಸಂದಿ, ಮೆಟ್ಟಿಲ ಕೆಳಗೆ. ಅವೆಲ್ಲಕ್ಕೂ ಸೇರಿ ಒಂದು ಹಾಳೆ, ಜಾಗಕ್ಕೊಂದು ಸಾಲು. ಎಣಿಕೆಯ ದಿನ ಅದು ಬಹುಪಾಲು ‘ಖಾಲಿ’ ಎಂದೇ ತುಂಬಿ ಬರುತ್ತದೆ. ಆದರೆ ದಾರಿಯಲ್ಲಿ ಇಳಿಸಿಟ್ಟ, ಇನ್ನೂ ಜೋಡಿಸದ ಮಾಲು ಸಿಗುವುದೂ ಅದೇ ಹಾಳೆಯಲ್ಲಿ.

ಒಟ್ಟು ಕೂಡಿಸುವುದು ಕೊನೆಯ ಕೆಲಸ. ಎಲ್ಲ ಹಾಳೆಗಳಿಂದ ಒಂದೊಂದು ಸಾಮಾನಿನ ಅಂಕಿಗಳನ್ನು ಸೇರಿಸಿದ ಮೇಲೆ, ಪುಸ್ತಕದಲ್ಲಿದ್ದು ಹಾಳೆಯಲ್ಲಿ ಒಂದೂ ಸಿಗದ ಸಾಮಾನುಗಳನ್ನು ಬೇರೆ ಬರೆದುಕೊಳ್ಳುತ್ತೇನೆ. ಅಂಥವು ಚದುರಿ ಬಿದ್ದಿದ್ದರೆ ಒಂದೊಂದನ್ನೂ ಬೇರೆಯಾಗಿ ವಿಚಾರಿಸುತ್ತೇನೆ. ಅಕ್ಕಪಕ್ಕದಲ್ಲಿ ಇರಬೇಕಾದ ನಾಲ್ಕೈದು ಸಾಮಾನು ಒಟ್ಟಿಗೆ ಕಾಣೆಯಾಗಿದ್ದರೆ, ಒಂದೊಂದಾಗಿ ವಿಚಾರಿಸದೆ ನೇರ ಆ ಶೆಲ್ಫಿಗೇ ಹೋಗುತ್ತೇನೆ. ಬೇರೆ ಕಡೆ ವರ್ಗಾಯಿಸಿದ ಹಂತದ ಹಳೆಯ ಚೀಟಿ ಕಿತ್ತುಹೋಗಿರುವುದು ಹೆಚ್ಚಾಗಿ ಅಲ್ಲೇ. ರ‍್ಯಾಕ್ ಸರಿಸಿದವರು ಚೀಟಿ ಮತ್ತು ನಕ್ಷೆಯನ್ನು ಅದೇ ದಿನ ತಿದ್ದಬೇಕು ಎಂದು ಈಗ ಹಿಂದಿನ ಕೋಣೆಯ ಬಾಗಿಲಿಗೆ, ನಕ್ಷೆಯ ಪಕ್ಕದಲ್ಲೇ ಬರೆದು ಹಾಕಿದ್ದೇನೆ, ಪೆನ್ನನ್ನೂ ಅಲ್ಲೇ ದಾರದಲ್ಲಿ ಕಟ್ಟಿದ್ದೇನೆ.