ಹಸಿರು ಪರದೆ: ಕೂದಲಂಚಿನಲ್ಲಿ ಹಸಿರು ಉಳಿಯದಂತೆ ಮಾಡುವುದು ಹೇಗೆ?

ಆಮೇಲೆ ಹಸಿರು ತೆಗೆದು ಬೇರೆ ಹಿನ್ನೆಲೆ ಕೂಡಿಸಲು, ಬಿಟ್ಟ ಕೂದಲಿನ ನಿರೂಪಕಿಯೊಬ್ಬರ ಸೊಂಟದ ಮೇಲಿನ ಶಾಟ್ ಅನ್ನು ಹಸಿರು ಪರದೆಯ ಮುಂದೆ ತೆಗೆಯಬೇಕಿದೆ ಎಂದುಕೊಳ್ಳಿ. ಅಂಚು ಕೆಡುವುದು ಬಹುತೇಕ ಎಡಿಟಿಂಗ್‌ನಲ್ಲಲ್ಲ, ಚಿತ್ರೀಕರಣದಲ್ಲಿ. ಪರದೆಗೆ ಬಿದ್ದ ಬೆಳಕು ಹಸಿರಾಗಿ ಹಿಂದಿರುಗಿ ಹೆಗಲು, ಕೆನ್ನೆ, ಕೂದಲಿಗೆ ಅಂಟುತ್ತದೆ. ಆದ್ದರಿಂದ ಮೊದಲು ದೂರ ನೋಡಿ. ಪರದೆಯಿಂದ ಅವರನ್ನು ಕನಿಷ್ಠ 6 ಅಡಿ, ಜಾಗವಿದ್ದರೆ 8 ಅಡಿ ಮುಂದೆ ನಿಲ್ಲಿಸಿ. ಫ್ರೇಮಿಗೆ ಬಾರದ ಹಸಿರು ಬಟ್ಟೆಯನ್ನು ಕಪ್ಪು ಬಟ್ಟೆಯಿಂದ ಮುಚ್ಚಿ. ಕಾಣದಿದ್ದರೂ ಅದು ಹಸಿರು ಚೆಲ್ಲುತ್ತಲೇ ಇರುತ್ತದೆ.

ಪರದೆಗೆ ಎರಡೂ ಬದಿಯಿಂದ ಒಂದೊಂದು ಮೆದು ಎಲ್‌ಇಡಿ ದೀಪ ಇಡಿ. ಪ್ರತಿಯೊಂದನ್ನೂ ಎದುರು ಬದಿಯ ಅಂಚಿನತ್ತ ತಿರುಗಿಸಿದರೆ ನಡುವೆ ಬೆಳಕು ಸಮವಾಗುತ್ತದೆ. ಮುಖದ ದೀಪಗಳು ಬೇರೆ, ಅವುಗಳ ಬೆಳಕು ಪರದೆಗೆ ಬೀಳಬಾರದು. ಪರದೆಯನ್ನು ಅತಿಯಾಗಿ ಬೆಳಗಿಸುವುದು ಸಾಮಾನ್ಯ ತಪ್ಪು. ಬೆಳಕಿನ ಮಟ್ಟವನ್ನು 0ಯಿಂದ 100ರವರೆಗೆ ತೋರಿಸುವ ವೇವ್‌ಫಾರ್ಮ್‌ನಲ್ಲಿ ಬಟ್ಟೆ 45ರಿಂದ 50ರ ನಡುವೆ ತೆಳ್ಳಗಿನ ಗೆರೆಯಾಗಿ ಕಂಡರೆ ಸಾಕು. ಗೆರೆ ದಪ್ಪವಾದರೆ ಸುಕ್ಕು, ನೆರಳು ಇವೆ ಎಂದರ್ಥ.

ಚಿತ್ರೀಕರಣಕ್ಕೆ ಮುನ್ನ ಒಂದು ಪರೀಕ್ಷೆ ಮಾಡಲೇಬೇಕು. ಮುಖದ ದೀಪ ಆರಿಸಿ, ಪರದೆಯ ದೀಪ ಮಾತ್ರ ಉರಿಸಿ, ನಿರೂಪಕಿಯ ಹೆಗಲ ಬಳಿ ಬಿಳಿ ಕಾಗದವೊಂದನ್ನು ಪರದೆಯತ್ತ ಮುಖ ಮಾಡಿ ಹಿಡಿಯಿರಿ. ಅದರ ಮೇಲೆ ಎದ್ದು ಕಾಣುವಷ್ಟು ಹಸಿರು ಬಿದ್ದರೆ, ಅದೇ ಹಸಿರು ಕೂದಲಿಗೂ ಬೀಳುತ್ತಿದೆ. ಇನ್ನಷ್ಟು ಮುಂದೆ ನಿಲ್ಲಿಸಿ ಅಥವಾ ಪರದೆಯ ಬೆಳಕು ತಗ್ಗಿಸಿ.

ಕ್ಯಾಮೆರಾದಲ್ಲಿ ಶಾರ್ಪ್‌ನೆಸ್ ತಗ್ಗಿಸಿ, ಅದು ಅಂಚಿಗೆ ಕಪ್ಪು ಗೆರೆ ಎಳೆಯುತ್ತದೆ. 4:2:2 ಎಂಬುದು ಬಣ್ಣದ ವಿವರ ಹೆಚ್ಚು ಉಳಿಸಿ ದಾಖಲಿಸುವ ಬಗೆ. ಕ್ಯಾಮೆರಾದಲ್ಲಿದ್ದರೆ ಅದನ್ನೇ ಆರಿಸಿ. 4:2:0ದಲ್ಲಿ ಬಣ್ಣದ ವಿವರ ಉದ್ದ, ಅಗಲ ಎರಡರಲ್ಲೂ ಅರ್ಧಕ್ಕಿಳಿಯುವುದರಿಂದ ಕೂದಲೆಳೆಗಳು ಹಲ್ಲುಹಲ್ಲಾಗುತ್ತವೆ. ನಮ್ಮ 50 ಹರ್ಟ್ಸ್ ವಿದ್ಯುತ್ತಿಗೆ ಶಟರ್ 1/50 ಅಥವಾ 1/100 ಇರಲಿ. ಕೈ ಆಡಿಸುವವರಿಗೆ 1/100 ಒಳ್ಳೆಯದು.

ಎಡಿಟಿಂಗ್‌ನಲ್ಲಿ, ಆಫ್ಟರ್ ಎಫೆಕ್ಟ್ಸ್ ತಂತ್ರಾಂಶದಲ್ಲಿ ಹಸಿರು ತೆಗೆಯುವ, ಅಂದರೆ ಕೀ ಮಾಡುವ Keylightನಲ್ಲಿ, ಕೂದಲಿಗೆ ಹತ್ತಿರದ ಹಸಿರನ್ನು Screen Colourಗೆ ಆರಿಸಿ. View ಅನ್ನು Screen Matteಗೆ ಬದಲಿಸಿ, ಆಗ ಉಳಿಯುವ ಭಾಗ ಬಿಳಿಯಾಗಿ, ಹೋಗುವ ಭಾಗ ಕಪ್ಪಾಗಿ ಕಾಣುತ್ತದೆ. ಹಿನ್ನೆಲೆ ಬೂದಾಗಿದ್ದರೆ Clip Black ಅನ್ನು 0ಯಿಂದ ನಿಧಾನವಾಗಿ ಏರಿಸಿ, ದೇಹದೊಳಗೆ ಬೂದು ಕಂಡರೆ Clip White ಅನ್ನು 100ರಿಂದ ಇಳಿಸಿ. ಎರಡೂ ಹತ್ತಿರವಾದಷ್ಟು ಕೂದಲು ಕತ್ತರಿಸಿದಂತೆ ಕಾಣುತ್ತದೆ. ಆಗ ಲೇಯರನ್ನು ಎರಡು ಮಾಡಿ: ಒಂದರಲ್ಲಿ ಆ ಎರಡು ಮೌಲ್ಯ ಹತ್ತಿರವಿರುವ ಗಟ್ಟಿ ಕೀ ಹಾಕಿ, ಮಾಸ್ಕ್‌ನಿಂದ ದೇಹದ ಒಳಭಾಗವನ್ನಷ್ಟೇ ಉಳಿಸಿ. ಇನ್ನೊಂದರಲ್ಲಿ ಅವು ದೂರವಿರುವ ಮೆದು ಕೀ ಹಾಕಿ ಕೂದಲನ್ನು ಉಳಿಸಿ.

ಉಳಿದ ಹಸಿರನ್ನು ತೆಗೆಯುವ ಒಂದು ಸರಳ ಲೆಕ್ಕ ಹೀಗಿದೆ, ಇಲ್ಲಿ R, G, B ಎಂದರೆ ಪ್ರತಿ ಚುಕ್ಕೆಯ ಕೆಂಪು, ಹಸಿರು, ನೀಲಿಯ ಪ್ರಮಾಣ:

```
G = min(G, (R + B) / 2)
```

ಹಸಿರು ಮಾತ್ರ ಇಳಿಯುವುದರಿಂದ ಆ ಜಾಗ ತುಸು ಕಪ್ಪಾಗುತ್ತದೆ. ಹೊಸ ಹಿನ್ನೆಲೆಯ ಬಣ್ಣವನ್ನು ಅಲ್ಲಿ ಅಲ್ಪವಾಗಿ ಬೆರೆಸಿದರೆ ಅಂಚು ಅದರೊಂದಿಗೆ ಹೊಂದಿಕೊಳ್ಳುತ್ತದೆ.