ಅರ್ಜಿಯಲ್ಲಿ ನಿಮಗೆ ಹೊಂದುವ ಆಯ್ಕೆ ಇಲ್ಲದಿದ್ದರೆ ಏನು ಬರೆಯಬೇಕು?

ಹೆಸರು, ಹುಟ್ಟಿದ ದಿನ, ವಿಳಾಸ ಬರೆಯುವಷ್ಟು ಹೊತ್ತು ಪೆನ್ನು ಸರಾಗವಾಗಿ ಓಡುತ್ತದೆ. ಆಮೇಲೆ ಲಿಂಗ, ವೈವಾಹಿಕ ಸ್ಥಿತಿ, ಧರ್ಮ, ಮಾತೃಭಾಷೆ ಎಂಬ ಕಾಲಂಗಳು ಬರುತ್ತವೆ. ಎಷ್ಟೋ ಜನರ ಕೈ ತಡೆಯುವುದು ಅಲ್ಲೇ.

ನನ್ನ ಗೆಳತಿಯೊಬ್ಬಳು ಗಂಡನಿಂದ ಬೇರೆಯಾಗಿ ಮೂರು ವರ್ಷವಾಗಿತ್ತು. ವಿಚ್ಛೇದನ ಇನ್ನೂ ಆಗಿರಲಿಲ್ಲ. ಶಸ್ತ್ರಚಿಕಿತ್ಸೆಗೆ ಆಸ್ಪತ್ರೆ ಸೇರುವಾಗ ಕೊಟ್ಟ ಫಾರಂನಲ್ಲಿ ಇದ್ದದ್ದು ಎರಡೇ ಆಯ್ಕೆ: ವಿವಾಹಿತ, ಅವಿವಾಹಿತ. ಸುಮ್ನೆ ಖಾಲಿ ಬಿಟ್ಟಳು. ಕೌಂಟರಿನಲ್ಲಿದ್ದವರು ಹಳೆಯ ದಾಖಲೆ ನೋಡಿ 'ವಿವಾಹಿತ' ಎಂದು ತುಂಬಿದರು. ಹಳೆಯ ಫೋನ್ ನಂಬರೂ ಜೊತೆಗೇ ಬಂತು. ಆಪರೇಷನ್ ಮುಗಿದ ಮೇಲೆ ಆಸ್ಪತ್ರೆಯ ಕರೆ ಹೋದದ್ದು, ಅವಳು ಯಾವ ಮನುಷ್ಯನಿಂದ ದೂರ ಇರಲು ಇಷ್ಟೆಲ್ಲ ಕಷ್ಟಪಟ್ಟಿದ್ದಳೋ ಅವನಿಗೆ. ಈ ಲೇಖನ ಬರೆಯಲು ಅದೇ ಕಾರಣ. ಹಾಗಾಗಿ ಆಸ್ಪತ್ರೆಯ ಫಾರಂ ಒಂದನ್ನೇ ಹಿಡಿದು ನೋಡೋಣ.

ಮೊದಲು: ಯಾಕೆ ಕೇಳುತ್ತಿದ್ದಾರೆ?

ಉತ್ತರ ಯೋಚಿಸುವ ಮೊದಲು, ಈ ಕಾಲಂ ಓದಿ ಯಾರು ಏನು ಮಾಡುತ್ತಾರೆ ಎಂದು ಕೇಳಿ. ಕೌಂಟರಿನಲ್ಲಿ ಇಷ್ಟು ಸಾಕು: "ಇದನ್ನು ಯಾವುದಕ್ಕೆ ಬಳಸ್ತೀರಿ? ಬರೆಯಲೇಬೇಕಾ?" ಆನ್‌ಲೈನ್ ಫಾರಂ ಆದರೆ ಕಾಲಂನ ಪಕ್ಕ ಕೆಂಪು ನಕ್ಷತ್ರ ಇದೆಯೇ ನೋಡಿ. ಸಾಮಾನ್ಯವಾಗಿ ನಕ್ಷತ್ರ ಇದ್ದರೆ ಕಡ್ಡಾಯ, ಇಲ್ಲದಿದ್ದರೆ ಐಚ್ಛಿಕ.

ಲಿಂಗ

ಕನ್ನಡದಲ್ಲಿ 'ಲಿಂಗ' ಎಂಬ ಒಂದೇ ಪದ ಎರಡು ಪ್ರಶ್ನೆಗಳನ್ನು ಹೊತ್ತುಕೊಂಡಿದೆ. ನಿಮ್ಮ ದೇಹ ಯಾವ ಬಗೆಯದು ಎಂಬುದು ಒಂದು. ನೀವು ನಿಮ್ಮನ್ನು ಯಾರೆಂದು ಗುರುತಿಸಿಕೊಳ್ಳುತ್ತೀರಿ ಎಂಬುದು ಇನ್ನೊಂದು. ಬಹಳ ಜನಕ್ಕೆ ಎರಡಕ್ಕೂ ಉತ್ತರ ಒಂದೇ. ಆದರೆ ಎಲ್ಲರಿಗೂ ಅಲ್ಲ.

ಆಸ್ಪತ್ರೆಯಲ್ಲಿ ಎರಡೂ ಬೇಕಾಗುತ್ತವೆ, ಬೇರೆ ಬೇರೆ ಕಾರಣಕ್ಕೆ. ಹಿಮೋಗ್ಲೋಬಿನ್ ಎಷ್ಟಿರಬೇಕು ಎಂಬ ಲೆಕ್ಕ ಗಂಡಸರಿಗೆ ಒಂದು, ಹೆಂಗಸರಿಗೆ ಇನ್ನೊಂದು. ಲ್ಯಾಬ್ ರಿಪೋರ್ಟು ಫಾರಂನಲ್ಲಿ ಇರುವುದನ್ನೇ ನೋಡಿ ಸರಿ ಅಥವಾ ಕಡಿಮೆ ಎನ್ನುತ್ತದೆ. ಎಕ್ಸ್‌ರೇ ತೆಗೆಯುವ ಮೊದಲು ಗರ್ಭಿಣಿಯೇ ಎಂದು ಯಾರನ್ನು ಕೇಳಬೇಕು ಎಂಬುದೂ ಎಷ್ಟೋ ಸಲ ಈ ಕಾಲಂ ಮೇಲೆಯೇ ನಿಂತಿರುತ್ತದೆ. ಹಾಗಾಗಿ ಫಾರಂನಲ್ಲಿ ನೀವು ಯಾರೋ ಅದನ್ನೇ ಬರೆಯಿರಿ. ದೇಹದ ವಿಷಯ, ತೆಗೆದುಕೊಳ್ಳುತ್ತಿರುವ ಹಾರ್ಮೋನ್, ಆಗಿರುವ ಶಸ್ತ್ರಚಿಕಿತ್ಸೆ ಇವನ್ನು ವೈದ್ಯರಿಗೆ ಬಾಗಿಲು ಹಾಕಿಕೊಂಡು ಹೇಳಿ. ಸಾಲಿನಲ್ಲಿ ನಿಂತವರೆಲ್ಲ ಕೇಳುವ ಹಾಗೆ ಕೌಂಟರಿನಲ್ಲಿ ಹೇಳಬೇಕಾಗಿಲ್ಲ.

ಒಂದು ಎಚ್ಚರಿಕೆ. ವಿಮೆ ಇದ್ದರೆ ಫಾರಂ ಮತ್ತು ವಿಮೆಯ ಕಾಗದ ಹೊಂದಬೇಕು, ಇಲ್ಲದಿದ್ದರೆ ಬಿಲ್ಲು ತಡೆಯಬಹುದು. ನಿಮ್ಮ ಗುರುತಿನ ಚೀಟಿಯಲ್ಲಿ ಬೇರೆ ಇದ್ದರೆ, "ದಾಖಲೆಯಲ್ಲಿ ಹೀಗಿದೆ, ನನ್ನನ್ನು ಹೀಗೆ ಕರೆಯಿರಿ" ಎಂದು ಎರಡನ್ನೂ ಬರೆಸಿ. ಪಾಸ್‌ಪೋರ್ಟ್‌ನಂಥ ದಾಖಲೆಗಳಲ್ಲಿ ಗಂಡು, ಹೆಣ್ಣು ಅಲ್ಲದೆ ಎಕ್ಸ್ ಎಂಬ ಮೂರನೇ ಗುರುತಿಗೂ ಅಂತರರಾಷ್ಟ್ರೀಯ ನಿಯಮದಲ್ಲಿ ಜಾಗ ಇದೆ. ಅದನ್ನು ಕೊಡುವುದು ಬಿಡುವುದು ಆಯಾ ದೇಶಕ್ಕೆ ಸೇರಿದ್ದು.

ವೈವಾಹಿಕ ಸ್ಥಿತಿ

ಜನಗಣತಿಗೆ ವಿಶ್ವಸಂಸ್ಥೆ ಕೊಟ್ಟಿರುವ ಮಾದರಿಯಲ್ಲಿ ಇದಕ್ಕೆ ಐದು ಉತ್ತರಗಳಿವೆ: ಮದುವೆಯೇ ಆಗಿಲ್ಲ, ಮದುವೆಯಾಗಿದೆ, ಸಂಗಾತಿ ತೀರಿಕೊಂಡಿದ್ದಾರೆ, ವಿಚ್ಛೇದನ ಆಗಿದೆ, ಮದುವೆ ಉಳಿದಿದೆ ಆದರೆ ಬೇರೆ ಇದ್ದೇವೆ. ಐದನ್ನು ಎರಡಕ್ಕೆ ಇಳಿಸಿದ ಫಾರಂ ಸಿಕ್ಕಾಗಲೇ ತೊಂದರೆ.

ಆಗ ಪದವನ್ನು ಗಮನಿಸಿ ಓದಿ. 'ಅವಿವಾಹಿತ' ಎಂದರೆ ಮದುವೆಯೇ ಆಗಿಲ್ಲ ಎಂದು. ವಿಧವೆಗೂ ವಿಚ್ಛೇದಿತರಿಗೂ ಅದು ಸುಳ್ಳಾಗುತ್ತದೆ. 'ಒಂಟಿ' ಎಂದಿದ್ದರೆ ಇಬ್ಬರೂ ಗುರುತು ಹಾಕಬಹುದು. ಕೋರ್ಟಿನ ಆದೇಶ ಬರುವವರೆಗೆ, ಬೇರೆ ಇದ್ದರೂ ಕಾನೂನಿನ ಕಣ್ಣಿಗೆ ನೀವು ವಿವಾಹಿತರೇ. ಹಾಗಾಗಿ ಎರಡೇ ಆಯ್ಕೆ ಇದ್ದರೆ 'ವಿವಾಹಿತ'ಕ್ಕೆ ಗುರುತು ಹಾಕಿ, ಪಕ್ಕದಲ್ಲಿ 'ಬೇರೆ ವಾಸ' ಎಂದು ಬರೆಯಿರಿ.

ಆದರೆ ಆಸ್ಪತ್ರೆಗೆ ನಿಜಕ್ಕೂ ಬೇಕಾಗಿರುವುದು ಇದಲ್ಲ. ತುರ್ತು ಬಂದರೆ ಯಾರಿಗೆ ಫೋನ್ ಮಾಡಬೇಕು, ಯಾರಿಗೆ ವಿಷಯ ತಿಳಿಸಬಹುದು ಎಂಬುದು ಬೇಕು. ಅದಕ್ಕೆ ಬೇರೆಯೇ ಕಾಲಂ ಇರುತ್ತದೆ. ಅದನ್ನು ಮಾತ್ರ ಖಾಲಿ ಬಿಡಬೇಡಿ. ಅಕ್ಕನೋ ಗೆಳತಿಯೋ, ನೀವು ನಂಬುವವರ ಹೆಸರು ಬರೆಯಿರಿ. ಹಳೆಯ ನಂಬರ್ ಇದ್ದರೆ ತೆಗೆಸಿ.

ಧರ್ಮ

ಈ ಕಾಲಂ ಬಹಳ ಕಡೆ ಐಚ್ಛಿಕ. ಯುರೋಪಿನ ಒಕ್ಕೂಟದಲ್ಲಿ 2018ರಿಂದ ಜಾರಿಯಲ್ಲಿರುವ ಮಾಹಿತಿ ರಕ್ಷಣೆಯ ಕಾನೂನು ಧರ್ಮವನ್ನು ವಿಶೇಷ ರಕ್ಷಣೆ ಬೇಕಾದ ಮಾಹಿತಿಗಳ ಪಟ್ಟಿಯಲ್ಲೇ ಇಟ್ಟಿದೆ. ಆಸ್ಪತ್ರೆಯವರು ಕೇಳುವುದು ಊಟ, ಪ್ರಾರ್ಥನೆ, ಅಂತಿಮ ಸಂಸ್ಕಾರದ ವಿಷಯಕ್ಕೆ. ಊಟದ್ದೇ ಪ್ರಶ್ನೆಯಾದರೆ ಏನು ತಿನ್ನುವುದಿಲ್ಲ ಎಂದು ನೇರವಾಗಿ ಬರೆಯಿರಿ. ರಕ್ತ ಬೇಡ ಎನ್ನುವವರು ಇದ್ದರೆ ಅದನ್ನೂ ವೈದ್ಯರಿಗೆ ಸ್ಪಷ್ಟವಾಗಿ ಹೇಳಬೇಕು. ಧರ್ಮದ ಹೆಸರು ನೋಡಿ ಯಾರೂ ಅದನ್ನು ಊಹಿಸಬಾರದು.

ಇಲ್ಲಿ ಮೂರು ಉತ್ತರಗಳನ್ನು ಜನ ಒಂದೇ ಎಂದುಕೊಳ್ಳುತ್ತಾರೆ. 'ಯಾವುದೂ ಇಲ್ಲ' ಎಂದರೆ ನಾನು ಧರ್ಮ ಪಾಲಿಸುವುದಿಲ್ಲ. 'ಇತರೆ' ಎಂದರೆ ಧರ್ಮ ಇದೆ, ನಿಮ್ಮ ಪಟ್ಟಿಯಲ್ಲಿಲ್ಲ. 'ಹೇಳಲು ಇಷ್ಟವಿಲ್ಲ' ಎಂದರೆ ಇದ್ದರೂ ಇಲ್ಲದಿದ್ದರೂ ನಿಮಗೆ ಬೇಡ. ಖಾಲಿ ಬಿಟ್ಟರೆ ಇದ್ಯಾವುದೂ ಅಲ್ಲ. ಮರೆತಿರಬೇಕು ಎಂದು ಇನ್ನೊಬ್ಬರು ತುಂಬಲು ಕೂರುತ್ತಾರೆ, ಹೆಸರು ಕೇಳಿ, ಮುಖ ನೋಡಿ. ಅದಕ್ಕೇ ಕಾಗದದ ಫಾರಂನಲ್ಲಿ ಖಾಲಿ ಜಾಗದ ಉದ್ದಕ್ಕೂ ಒಂದು ಗೆರೆ ಎಳೆದು, ಮೇಲೆ 'ಹೇಳಲು ಇಷ್ಟವಿಲ್ಲ' ಎಂದು ಬರೆದುಬಿಡಿ.

ಮಾತೃಭಾಷೆ

ಜನಗಣತಿಯ ಮಾದರಿಯಲ್ಲಿ ಮಾತೃಭಾಷೆ ಎಂದರೆ ನಿಮ್ಮ ಎಳವೆಯಲ್ಲಿ ಮನೆಯಲ್ಲಿ ಸಾಮಾನ್ಯವಾಗಿ ಆಡುತ್ತಿದ್ದ ಭಾಷೆ. ತಾಯಿಯ ಭಾಷೆಯೇ ಆಗಬೇಕೆಂದಿಲ್ಲ. ಎರಡು ಭಾಷೆ ಒಟ್ಟಿಗೆ ಆಡಿ ಬೆಳೆದವರು, ಜಾಗ ಇದ್ದರೆ ಎರಡನ್ನೂ ಬರೆಯಿರಿ.

ಆಸ್ಪತ್ರೆಯಲ್ಲಿ ಮಾತ್ರ ಲೆಕ್ಕ ಬೇರೆ. ಅಲ್ಲಿ ಭಾಷೆ ಕೇಳುವುದು ನಿಮ್ಮೊಂದಿಗೆ ಮಾತಾಡಲು, ಬೇಕಾದರೆ ದುಭಾಷಿಯನ್ನು ಕರೆಸಲು. ನೋವಿನಲ್ಲಿ ಇರುವಾಗ ಯಾವ ಭಾಷೆಯಲ್ಲಿ ಹೇಳಿದರೆ ಚೆನ್ನಾಗಿ ಅರ್ಥವಾಗುತ್ತದೋ ಅದನ್ನು ಬರೆಯಿರಿ. ಬಾಲ್ಯದಲ್ಲಿ ಆಡಿ ಈಗ ಅರ್ಧ ಮರೆತ ಭಾಷೆ ಬರೆದರೆ, ಒಪ್ಪಿಗೆ ಪತ್ರವನ್ನು ಆ ಭಾಷೆಯಲ್ಲೇ ಓದಿ ಹೇಳುತ್ತಾರೆ. ಅರ್ಧ ಅರ್ಥವಾದ ಕಾಗದಕ್ಕೆ ಸಹಿ ಹಾಕಬೇಕಾಗುತ್ತದೆ, ಅಲ್ವಾ?

ಆನ್‌ಲೈನ್ ಆದರೆ

ಕೆಳಗೆ ಬಿಚ್ಚಿಕೊಳ್ಳುವ ಪಟ್ಟಿಯಲ್ಲಿ ಕೆಲವೊಮ್ಮೆ ಮೊದಲ ಆಯ್ಕೆ ತಾನಾಗಿಯೇ ಆಯ್ಕೆಯಾಗಿರುತ್ತದೆ. ನೀವು ಮುಟ್ಟದೇ ಇದ್ದರೂ ಅದೇ ಹೋಗುತ್ತದೆ. ದುಂಡು ಗುಂಡಿಯನ್ನು ಒಮ್ಮೆ ಒತ್ತಿದರೆ, ಸಾಮಾನ್ಯವಾಗಿ ಬೇರೆಯದಕ್ಕೆ ಬದಲಿಸಬಹುದೇ ಹೊರತು ಪೂರ್ತಿ ತೆಗೆಯಲಾಗುವುದಿಲ್ಲ. ಪುಟವನ್ನು ಮತ್ತೆ ತೆರೆದು ಮೊದಲಿನಿಂದ ತುಂಬಬೇಕು. ಕಡ್ಡಾಯ ಕಾಲಂನಲ್ಲಿ ಹೊಂದುವ ಉತ್ತರವೇ ಇಲ್ಲದಿದ್ದರೆ ಹತ್ತಿರದ್ದನ್ನು ಒತ್ತಿ, 'ಇತರ ವಿವರ' ಎಂಬಲ್ಲಿ ನಿಜ ಬರೆಯಿರಿ. ಕಳಿಸುವ ಮೊದಲಿನ ಪರಿಶೀಲನೆ ಪುಟದ ಚಿತ್ರ ತೆಗೆದಿಟ್ಟುಕೊಳ್ಳಿ.

ಗೆಳತಿ ಮುಂದಿನ ಸಲ ತಪಾಸಣೆಗೆ ಹೋದಾಗ ಫಾರಂ ಹೀಗಿತ್ತು: ವಿವಾಹಿತ, ಪಕ್ಕದಲ್ಲಿ 'ಬೇರೆ ವಾಸ'. ಧರ್ಮದ ಜಾಗದಲ್ಲಿ ಗೆರೆ. ತುರ್ತು ಸಂಪರ್ಕಕ್ಕೆ ತಂಗಿಯ ಹೆಸರು. ಕೆಳಗೆ ಒಂದು ಸಾಲು: 'ಹಿಂದಿನ ದಾಖಲೆಯಲ್ಲಿರುವ ನಂಬರಿಗೆ ಕರೆ ಮಾಡಬಾರದು, ನನ್ನ ವಿಷಯ ತಿಳಿಸಬಾರದು.' ಕೌಂಟರಿನವರು ಕಂಪ್ಯೂಟರಿನಲ್ಲಿ ಹಳೆಯ ನಂಬರ್ ಅಳಿಸುವವರೆಗೆ ಅವಳು ಅಲ್ಲೇ ನಿಂತಿದ್ದಳು. ಹೊಸ ಪ್ರಿಂಟ್ ತೆಗೆಸಿಕೊಂಡು, ಓದಿ ನೋಡಿ, ಆಮೇಲೆ ಸಹಿ ಹಾಕಿದಳು.